ಎಣಿಕೆ ಡೇಟಾದಲ್ಲಿ ಓವರ್‌ಡಿಸ್ಪರ್ಷನ್: ಮಾಡೆಲನ್ನು ಪ್ರಬಂಧದಲ್ಲಿ ಹೇಗೆ ವಿವರಿಸಬೇಕು? (ಕುದುರೆಲಾಳ ಏಡಿ ಡೇಟಾ)

ಜರಿಹೊಳೆ

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಘಟ್ಟದ ಹೊಳೆಗಪ್ಪೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಡೇಟಾ ಮುಟ್ಟುವ ಮೊದಲು ಎಲ್ಲರಿಗೂ ಸಿಗುವ ಒಂದು ಡೇಟಾದ ಮೇಲೆ ಕೈ ಪಳಗಿಸಿಕೊ ಅಂತ ಗೈಡ್ ಕುದುರೆಲಾಳ ಏಡಿಗಳ ಡೇಟಾ ಕೊಟ್ಟರು. ಜೇನ್ ಬ್ರಾಕ್‌ಮನ್ ಅವರ ಅಧ್ಯಯನದ್ದು, 1996ರಲ್ಲಿ ಪ್ರಕಟವಾಗಿದ್ದು. ಹೆಣ್ಣು ಏಡಿ ಮೊಟ್ಟೆ ಇಡಲು ದಡಕ್ಕೆ ಬರುವಾಗ ಬೆನ್ನಿಗೆ ಒಂದು ಗಂಡು ಅಂಟಿಕೊಂಡೇ ಬರುತ್ತದೆ. ಅದನ್ನು ಬಿಟ್ಟು ಸುತ್ತ ಬೇರೆ ಗಂಡುಗಳೂ ಬಂದು ಸೇರುತ್ತವೆ. ಹೀಗೆ ಸೇರಿದ ಗಂಡುಗಳ ಸಂಖ್ಯೆಯೇ ಇಲ್ಲಿನ ಎಣಿಕೆ. ಒಟ್ಟು 173 ಹೆಣ್ಣುಗಳು, ಪ್ರತಿಯೊಂದರ ಚಿಪ್ಪಿನ ಅಗಲ ಸೆಂಟಿಮೀಟರಿನಲ್ಲಿದೆ.

ನಾನು ಮಾಡಿದ್ದು ಇಷ್ಟು:

```r
m1 <- glm(sat ~ width, family = poisson, data = crabs)
sum(residuals(m1, type = "pearson")^2) / df.residual(m1)
```

ಅಗಲದ ಗುಣಾಂಕ 0.164, ಸ್ಟ್ಯಾಂಡರ್ಡ್ ಎರರ್ 0.020. ಉಳಿಕೆ ಡೀವಿಯನ್ಸ್ 567.88, ಡಿಗ್ರೀಸ್ ಆಫ್ ಫ್ರೀಡಂ 171. ಎರಡನೇ ಸಾಲಿನ ಉತ್ತರ 3.18 ಬಂತು, ಎಣಿಕೆಗಳ ಏರಿಳಿತ ಪಾಯ್ಸನ್ ಮಾಡೆಲ್ ನಿರೀಕ್ಷಿಸುವಷ್ಟೇ ಇದ್ದಿದ್ದರೆ ಅದು 1ರ ಹತ್ತಿರ ಇರಬೇಕಿತ್ತು. ಲ್ಯಾಬಿನ ಸೀನಿಯರ್ ಒಬ್ಬರು «ಓವರ್‌ಡಿಸ್ಪರ್ಷನ್ ಇದೆ, ನೆಗೆಟಿವ್ ಬೈನೋಮಿಯಲ್ ಹಾಕಿದೆ ಅಂತ ಒಂದು ವಾಕ್ಯ ಬರೆದುಬಿಡು» ಅಂದರು. ಆ ಒಂದು ವಾಕ್ಯ ಸಾಕಾ? ವಿಧಾನದ ಅಧ್ಯಾಯದಲ್ಲಿ ನಿಜವಾಗಿ ಏನೇನು ಹೇಳಬೇಕು? ಕನ್ನಡದ ಸಾರಾಂಶವನ್ನೂ ಕೊಡಬೇಕಾಗಿರುವುದರಿಂದ ಇಲ್ಲೇ ಕೇಳುತ್ತಿದ್ದೇನೆ.

ಅಡಕೆತೋಟ

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ ಮಾರಾಯ್ರೆ. ನಾವು ಎಂಎಸ್ಸಿ ಮಾಡುವಾಗ ಎಣಿಕೆಗೆ 1 ಕೂಡಿಸಿ ಲಾಗ್ ತಗೊಂಡು ಮಾಮೂಲಿ ರಿಗ್ರೆಷನ್ ಹಾಕ್ತಿದ್ವಿ, ಪೇಪರ್ರೂ ಬಂತು. ಇನ್ನು ಪಾಯ್ಸನ್ನೇ ಇಟ್ಕೊಂಡರೂ 0.164ನ್ನ 0.020ರಿಂದ ಭಾಗಿಸಿದ್ರೆ 8ರ ಮೇಲೆ ಬರ್ತದೆ. ಎರರ್ ಎರಡು ಪಟ್ಟಾದರೂ 4 ಉಳೀತದೆ. ದೊಡ್ಡ ಹೆಣ್ಣಿಗೆ ಗಂಡುಗಳು ಜಾಸ್ತಿ ಅನ್ನೋದು ಯಾವ ಮಾಡೆಲ್ ಹಾಕಿದ್ರೂ ಬದಲಾಗಲ್ಲ.

ಕಲ್ಲುಸಂಪಿಗೆ

ಅಡಕೆತೋಟ ಅವರು ಹೇಳಿದ್ದರಲ್ಲಿ ಎರಡನೇ ಮಾತು ಈ ಡೇಟಾದ ಮಟ್ಟಿಗೆ ಸರಿ. ಅಗಲದ ಪರಿಣಾಮ ಇಲ್ಲಿ ಗಟ್ಟಿಯಾಗಿದೆ, ಎರರ್ ಹಿಗ್ಗಿದರೂ ಅಳಿಸಿಹೋಗುವುದಿಲ್ಲ. ಆದರೆ ನಾವು ವರದಿ ಮಾಡುವುದು «ಇದೆ, ಇಲ್ಲ» ಅನ್ನುವುದನ್ನು ಮಾತ್ರವಲ್ಲ, ಎಷ್ಟು ಅನ್ನುವುದನ್ನೂ. ಪಾಯ್ಸನ್ ಪ್ರಕಾರ ಅಗಲ ಒಂದು ಸೆಂಟಿಮೀಟರ್ ಹೆಚ್ಚಾದರೆ ಗಂಡುಗಳ ಸರಾಸರಿ ಸುಮಾರು 18% ಏರುತ್ತದೆ, ಶೇ. 95ರ ಅಂತರ 13%ರಿಂದ 23%. ನೆಗೆಟಿವ್ ಬೈನೋಮಿಯಲ್ ಹಾಕಿದರೆ ಏರಿಕೆ 21%, ಅಂತರ 11%ರಿಂದ 32%. ಮೊದಲನೆಯದು ನಮಗಿಲ್ಲದ ಖಚಿತತೆಯನ್ನು ಇದೆ ಎಂದು ತೋರಿಸುತ್ತದೆ. ಪರಿಣಾಮ ಇಷ್ಟು ಗಟ್ಟಿಯಲ್ಲದ ಕಡೆ ಇದೇ ವ್ಯತ್ಯಾಸ ತೀರ್ಮಾನವನ್ನೇ ತಿರುಗಿಸಿಬಿಡುತ್ತದೆ.

1 ಕೂಡಿಸಿ ಲಾಗ್ ತೆಗೆಯುವುದನ್ನು ಈ ಡೇಟಾಗೆ ನಾನು ಒಪ್ಪುವುದಿಲ್ಲ. 173ರಲ್ಲಿ 62 ಹೆಣ್ಣುಗಳ ಬಳಿ ಒಂದೂ ಗಂಡಿಲ್ಲ. ಲಾಗ್ ತೆಗೆದ ಮೇಲೂ ಆ 62 ಒಂದೇ ಬಿಂದುವಿನ ಮೇಲೆ ರಾಶಿಯಾಗಿ ನಿಂತಿರುತ್ತವೆ, ಯಾವ ರೂಪಾಂತರವೂ ಅವನ್ನು ಹರಡಲಾರದು. ಕೂಡಿಸುವುದು 1 ಬದಲು 0.5 ಆದರೆ ಉತ್ತರವೂ ಬದಲಾಗುತ್ತದೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಪಾಯ್ಸನ್ ಮಾಡೆಲ್ ಒಂದು ಗಟ್ಟಿ ಷರತ್ತು ಹಾಕುತ್ತದೆ: ಒಂದೇ ಅಗಲದ ಹೆಣ್ಣುಗಳಲ್ಲಿ ಎಣಿಕೆಯ ವೇರಿಯನ್ಸ್ ಸರಾಸರಿಯಷ್ಟೇ ಇರಬೇಕು. ಗಂಡುಗಳು ಒಂದನ್ನೊಂದು ಲೆಕ್ಕಿಸದೆ ಬಂದರೆ, ಮತ್ತು ಒಂದೇ ಅಗಲದ ಹೆಣ್ಣುಗಳೆಲ್ಲ ಒಂದೇ ಥರ ಸೆಳೆದರೆ ಮಾತ್ರ ಹಾಗಾಗುತ್ತದೆ. ದಡದಲ್ಲಿ ಎರಡೂ ನಡೆಯುವುದು ಅನುಮಾನ. ಹೆಣ್ಣಿನ ಬಣ್ಣ, ವಯಸ್ಸು, ಚಿಪ್ಪಿನ ಸ್ಥಿತಿ, ಆ ಹೊತ್ತಿನ ಅಲೆ, ಅಕ್ಕಪಕ್ಕದಲ್ಲಿ ಎಷ್ಟು ಗಂಡುಗಳಿದ್ದವು, ಇದ್ಯಾವುದೂ ನಿಮ್ಮ ಮಾಡೆಲಿನಲ್ಲಿ ಇಲ್ಲ. ಅಗಲವನ್ನು ಬದಿಗಿಟ್ಟು ನೋಡಿದರೆ ಸರಾಸರಿ 2.92, ವೇರಿಯನ್ಸ್ 9.91. ಆ ಸರಾಸರಿಯ ಪಾಯ್ಸನ್ನಿನಲ್ಲಿ ಸೊನ್ನೆಗಳು ಸುಮಾರು 9 ಇರಬೇಕು, ಇರುವುದು 62.

ನೆಗೆಟಿವ್ ಬೈನೋಮಿಯಲ್ ಹೇಳುವುದು ಇಷ್ಟೇ: ಪ್ರತಿ ಹೆಣ್ಣಿಗೂ ತನ್ನದೇ ಆದ ಸರಾಸರಿ ಇದೆ, ಅದು ಅಗಲ ಹೇಳಿದ ಮಟ್ಟದ ಆಚೀಚೆ ಏರಿಳಿಯುತ್ತದೆ. ಆ ಏರಿಳಿತದಿಂದ ವೇರಿಯನ್ಸ್ ಹೀಗಾಗುತ್ತದೆ:

```
Var(Y) = mu + mu^2 / theta
```

ಇಲ್ಲಿ mu ಅಂದರೆ ನಿರೀಕ್ಷಿತ ಸರಾಸರಿ, theta ಚಿಕ್ಕದಾದಷ್ಟೂ ಏರಿಳಿತ ಹೆಚ್ಚು. ಈ ಡೇಟಾಗೆ `MASS` ಪ್ಯಾಕೇಜಿನ `glm.nb` ಓಡಿಸಿದರೆ theta 0.905 ಬರುತ್ತದೆ. 26.3 ಸೆಂ.ಮೀ. ಅಗಲದ ಒಂದು ಹೆಣ್ಣನ್ನು ತೆಗೆದುಕೊಳ್ಳಿ, ಇಡೀ ಗುಂಪಿನ ಸರಾಸರಿ ಅಗಲ ಅದು. ಅವಳ ಸುತ್ತ ನಿರೀಕ್ಷಿತ ಗಂಡುಗಳು 2.7. ಪಾಯ್ಸನ್ ಪ್ರಕಾರ ವೇರಿಯನ್ಸೂ 2.7, ನೆಗೆಟಿವ್ ಬೈನೋಮಿಯಲ್ ಪ್ರಕಾರ ಸುಮಾರು 10.8. ಪ್ರಬಂಧದಲ್ಲಿ ಮೊದಲು ಬರೆಯಬೇಕಾದ್ದು ಈ ಸೂತ್ರ ಮತ್ತು theta ಬೆಲೆ. ಸೂತ್ರ ಕೊಡದೆ «ಡಿಸ್ಪರ್ಷನ್ 0.9» ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಕೆಲವು ಸಾಫ್ಟ್‌ವೇರುಗಳು ಇದನ್ನೇ ತಲೆಕೆಳಗು ಮಾಡಿ 1.1 ಎಂದು ತೋರಿಸುತ್ತವೆ. ಒಂದರಲ್ಲಿ ಚಿಕ್ಕ ಅಂಕಿ ಅಂದರೆ ಹೆಚ್ಚು ಹರಡು, ಇನ್ನೊಂದರಲ್ಲಿ ದೊಡ್ಡ ಅಂಕಿ ಅಂದರೆ ಹೆಚ್ಚು ಹರಡು.

ಮರಳುದಿಣ್ಣೆ

ಒಡಿಶಾದ ಬಾಲಸೋರ್ ಕಡಲ ದಂಡೆಯಲ್ಲಿ ಈ ಜಾತಿಯ ಏಡಿಗಳನ್ನು ನೋಡಿದ್ದೇನೆ, ಅಮೆರಿಕದ್ದು ಬೇರೆ ಪ್ರಭೇದ. ಏಡಿಗಳು ದಡದಲ್ಲಿ ಎಲ್ಲೆಲ್ಲಿ ಹರಡಿವೆ ಅನ್ನುವುದು ನಿಮ್ಮ ಸಮಸ್ಯೆಯಾದರೆ ಮೊದಲು ಜಿಪಿಎಸ್ ಬಿಂದುಗಳನ್ನು ನಕ್ಷೆಗೆ ಹಾಕಿ. ಉಬ್ಬರದ ರೇಖೆಯ ಉದ್ದಕ್ಕೆ ಗುಂಪುಗುಂಪಾಗಿ ಕಾಣುತ್ತವೆ. ಇಡೀ ದಡಕ್ಕೆ ಒಂದೇ ಸರಾಸರಿ ತೆಗೆಯಬೇಡಿ.

ಜರಿಹೊಳೆ

ಧನ್ಯವಾದ ಸರ್. ಇಲ್ಲಿ ಹರಡು ಅಂದದ್ದು ಜಾಗದಲ್ಲಿ ಅಲ್ಲ, ಎಣಿಕೆಗಳ ಏರಿಳಿತ. ಏಡಿಗಳು ಎಲ್ಲಿ ಸಿಕ್ಕವು ಅನ್ನುವುದು ನನ್ನ ಹತ್ತಿರ ಇರುವ ಫೈಲಿನಲ್ಲಿಲ್ಲ. ಆದರೆ ಒಂದೇ ಗುಂಪಿನೊಳಗಿನ ಹೆಣ್ಣುಗಳು ಅವೇ ಗಂಡುಗಳನ್ನು ಹಂಚಿಕೊಂಡಿದ್ದರೆ ಎಣಿಕೆಯೂ ಏರುಪೇರಾಗುತ್ತದೆ ಅಲ್ಲವೇ, ಆ ಮಟ್ಟಿಗೆ ನಿಮ್ಮ ಮಾತು ಇಲ್ಲಿಗೂ ತಾಗುತ್ತದೆ.

ಹೆಜ್ಜಾರ್ಲೆ

ನಾನು ಸಂಖ್ಯಾಶಾಸ್ತ್ರ ಓದಿದವನಲ್ಲ, ನಿವೃತ್ತ ಬ್ಯಾಂಕ್ ನೌಕರ. ಚಳಿಗಾಲದಲ್ಲಿ ಗೆಳೆಯರ ಜೊತೆ ನಂಜನಗೂಡಿನ ಹತ್ತಿರದ ಹದಿನಾರು ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸುತ್ತೇವೆ. ನಮ್ಮ ಪುಸ್ತಕದಲ್ಲಿ ಒಂದು ಬೆಳಿಗ್ಗೆ ಸೊನ್ನೆ, ಮಾರನೆಯ ವಾರ ನೂರಾರು, ಮತ್ತೆ ಸೊನ್ನೆ. ಇದನ್ನು ನೋಡಿದವರೊಬ್ಬರು ನಿಮ್ಮ ಎಣಿಕೆ ಸರಿಯಿಲ್ಲ ಅಂದರು. ಕಲ್ಲುಸಂಪಿಗೆ ಮೇಡಂ ಹೇಳಿದ ಪಾಯ್ಸನ್ ಷರತ್ತು ಓದಿದ ಮೇಲೆ ಇದು ಎಣಿಸಿದವರ ತಪ್ಪೋ ಹಕ್ಕಿಯ ಸ್ವಭಾವವೋ ಎಂಬ ಅನುಮಾನ ಬಂತು. ಹೆಬ್ಬಾತು ರಾತ್ರಿ ಹೊಲಕ್ಕೆ ಮೇಯಲು ಹೋಗಿ ಬೆಳಿಗ್ಗೆ ಕೆರೆಗೆ ಇಳಿಯುವುದು ಹಿಂಡಾಗಿ, ಒಂದೊಂದಾಗಿ ಅಲ್ಲ.

ಕಲ್ಲುಸಂಪಿಗೆ

ಹಕ್ಕಿಯ ಸ್ವಭಾವವೇ ಸರ್. ನೂರು ಹೆಬ್ಬಾತು ಒಟ್ಟಿಗೆ ಇಳಿದರೆ ಅದು ನೂರು ಬೇರೆ ಬೇರೆ ಘಟನೆಗಳಲ್ಲ, ಒಂದೇ ಹಿಂಡಿನ ಒಂದು ತೀರ್ಮಾನ. ಹಿಂಡಾಗಿ ಬರುವ ಯಾವ ಪ್ರಾಣಿಯ ಎಣಿಕೆಯೂ ಪಾಯ್ಸನ್‌ಗೆ ಕೂರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಹಿಂಡುಗಳ ಸಂಖ್ಯೆಯನ್ನೂ ಪ್ರತಿ ಹಿಂಡಿನಲ್ಲಿ ಎಷ್ಟಿದ್ದವು ಎಂಬುದನ್ನೂ ಬೇರೆ ಬೇರೆ ಬರೆದಿಟ್ಟಿದ್ದರೆ ದಯವಿಟ್ಟು ಅದನ್ನು ಒಟ್ಟು ಮಾಡಬೇಡಿ. ಕೊನೆಯ ಮೊತ್ತ ಮಾತ್ರ ಉಳಿದರೆ ಹರಡು ಎಲ್ಲಿಂದ ಬಂತು ಎಂದು ಆಮೇಲೆ ಯಾವ ಮಾಡೆಲೂ ಹೇಳಲಾರದು.

ವಿಮೆಲೆಕ್ಕ

ನಾನು ಬೆಂಗಳೂರಿನಲ್ಲಿ ವಿಮೆ ಕ್ಷೇತ್ರದಲ್ಲಿ ಕ್ಲೇಮ್ ಎಣಿಕೆಗಳ ಮಾಡೆಲ್ ಮಾಡುವವನು. ಕ್ಲೇಮಿಗೂ ಏಡಿಗೂ ಗಣಿತ ಒಂದೇ. ಇಲ್ಲಿ ಎಲ್ಲರೂ ನೆಗೆಟಿವ್ ಬೈನೋಮಿಯಲ್ ಕಡೆಗೇ ಓಡುತ್ತಿದ್ದೀರಿ, ಕ್ವಾಸಿ-ಪಾಯ್ಸನ್ ಯಾಕೆ ಬೇಡ? ಅದರಲ್ಲಿ ವೇರಿಯನ್ಸ್ ಸರಾಸರಿಯ 3.18 ಪಟ್ಟು ಅಂತಷ್ಟೇ ಒಪ್ಪಿಕೊಳ್ಳುತ್ತೇವೆ. ಗುಣಾಂಕ 0.164 ಹಾಗೇ ಉಳಿಯುತ್ತದೆ, ಸ್ಟ್ಯಾಂಡರ್ಡ್ ಎರರ್ 0.020ರಿಂದ 0.036ಕ್ಕೆ ಏರುತ್ತದೆ. ವಿವರಿಸುವುದೂ ಸುಲಭ.

ಸುಮ್ಮನೆ ವಾದಕ್ಕೆ ಹೇಳುತ್ತಿಲ್ಲ, ಡೇಟಾ ನೋಡಿದೆ. ಹೆಣ್ಣುಗಳನ್ನು ಅಗಲದ ಪ್ರಕಾರ ಒಂದೊಂದು ಸೆಂಟಿಮೀಟರಿನ ಗುಂಪು ಮಾಡಿ ಪ್ರತಿ ಗುಂಪಿನ ಸರಾಸರಿ, ವೇರಿಯನ್ಸ್ ತೆಗೆದೆ. 23.25 ಸೆಂ.ಮೀ.ಗಿಂತ ಚಿಕ್ಕ 14 ಹೆಣ್ಣುಗಳಲ್ಲಿ ಸರಾಸರಿ 1.00, ವೇರಿಯನ್ಸ್ 2.77. ನಡುವಿನ, ಅಂದರೆ 25.25ರಿಂದ 26.25ರವರೆಗಿನ 39ರಲ್ಲಿ ಸರಾಸರಿ 2.69, ವೇರಿಯನ್ಸ್ 11.38. ಎಲ್ಲಕ್ಕಿಂತ ದೊಡ್ಡ ಗುಂಪು, 29.25 ದಾಟಿದ 14 ಹೆಣ್ಣುಗಳಲ್ಲಿ ಸರಾಸರಿ 5.14, ವೇರಿಯನ್ಸ್ 8.29. ಮೇಡಂ ಕೊಟ್ಟ ಸೂತ್ರಕ್ಕೆ 5.14 ಹಾಕಿ ನೋಡಿ, ವೇರಿಯನ್ಸ್ 34ರ ಮೇಲೆ ಬರುತ್ತದೆ. ಇರುವುದು 8! ಸರಾಸರಿ ಏರಿದಂತೆ ವೇರಿಯನ್ಸ್ ವರ್ಗದ ವೇಗದಲ್ಲಿ ಏರುತ್ತಲೇ ಇಲ್ಲ.

ಕಲ್ಲುಸಂಪಿಗೆ

ಇದು ತುಂಬಾ ಒಳ್ಳೆಯ ಪರೀಕ್ಷೆ. ಜರಿಹೊಳೆ, ನಿಮ್ಮ ಗಪ್ಪೆ... ಕ್ಷಮಿಸಿ, ಕಪ್ಪೆ ಡೇಟಾಗೂ ಮಾಡೆಲ್ ಆರಿಸುವ ಮೊದಲು ಇದನ್ನು ಮಾಡಿ. ಈ ಎರಡು ಮಾಡೆಲುಗಳ ನಡುವಿನ ವ್ಯತ್ಯಾಸ ಎರರ್‌ನಲ್ಲಿ ಮಾತ್ರ ಇರುವುದಿಲ್ಲ, ಯಾವ ಏಡಿಯ ಮಾತಿಗೆ ಎಷ್ಟು ತೂಕ ಎಂಬುದರಲ್ಲೂ ಇದೆ. ಕ್ವಾಸಿ-ಪಾಯ್ಸನ್ನಿನಲ್ಲಿ ತೂಕ ಸರಾಸರಿಯ ಜೊತೆ ಏರುತ್ತಾ ಹೋಗುತ್ತದೆ. 33.5 ಸೆಂ.ಮೀ.ನ ಅತಿ ದೊಡ್ಡ ಹೆಣ್ಣಿಗೆ 21 ಸೆಂ.ಮೀ.ನ ಅತಿ ಚಿಕ್ಕದಕ್ಕಿಂತ ಸುಮಾರು ಎಂಟು ಪಟ್ಟು ತೂಕ. ನೆಗೆಟಿವ್ ಬೈನೋಮಿಯಲ್ಲಿನಲ್ಲಿ ತೂಕ ಬೇಗ ಸಮತಟ್ಟಾಗುತ್ತದೆ, ಅದೇ ಎರಡು ಹೆಣ್ಣುಗಳ ನಡುವೆ ಎರಡು ಪಟ್ಟೂ ಇಲ್ಲ. ಚಿಕ್ಕ ಹೆಣ್ಣುಗಳ ಮಾತು ಹೆಚ್ಚು ನಡೆಯುತ್ತದೆ, ಅದಕ್ಕೇ ಗುಣಾಂಕ 0.164ರಿಂದ 0.192ಕ್ಕೆ ಸರಿದದ್ದು. ವರ್ ಹೂಫ್ ಮತ್ತು ಬೋವೆಂಗ್ 2007ರಲ್ಲಿ ಸೀಲ್‌ಗಳ ಎಣಿಕೆ ಇಟ್ಟುಕೊಂಡು ಇದೇ ವಿಷಯವನ್ನು ಬಿಡಿಸಿ ತೋರಿಸಿದ್ದಾರೆ.

ಆದರೆ ನಿಮ್ಮ ಪಟ್ಟಿಯಿಂದ ಕ್ವಾಸಿ-ಪಾಯ್ಸನ್ ಸರಿ ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಕೊನೆಯ ಗುಂಪಿಗೆ ಅದು 16 ಅನ್ನುತ್ತದೆ, ಇರುವುದು 8. ಎರಡೂ ಇರುವುದಕ್ಕಿಂತ ಹೆಚ್ಚೇ ಹೇಳಿ ತಪ್ಪುತ್ತಿವೆ, ಒಂದರ ತಪ್ಪು ದೊಡ್ಡದು, ಇನ್ನೊಂದರದು ಸ್ವಲ್ಪ ಚಿಕ್ಕದು. 14 ಏಡಿಗಳ ವೇರಿಯನ್ಸನ್ನು ಅಷ್ಟು ನಂಬುವಂತಿಲ್ಲ ನಿಜ. ಆದರೂ ಎಣಿಕೆಗಳನ್ನೇ ಬಿಡಿಸಿ ನೋಡೋಣ. ಸೊನ್ನೆ ಗಂಡುಗಳಿರುವ ಹೆಣ್ಣು 62, ಒಂದು ಗಂಡಿರುವುದು 16, ಎರಡಿರುವುದು 9. ಆಮೇಲೆ ಇಳಿಯುವ ಬದಲು ಮತ್ತೆ ಏರುತ್ತದೆ: ಮೂರಿರುವುದು 19, ನಾಲ್ಕಿರುವುದು 19, ಐದಿರುವುದು 15. ಅಗಲ ಸೇರಿಸದ ನೆಗೆಟಿವ್ ಬೈನೋಮಿಯಲ್ ಇದೇ ಡೇಟಾಗೆ ಸೊನ್ನೆ 52, ಒಂದು 31, ಎರಡು 22, ಮೂರು 16, ನಾಲ್ಕು 12 ಎಂದು ನಿರೀಕ್ಷಿಸುತ್ತದೆ. theta 1ಕ್ಕಿಂತ ಕಡಿಮೆ ಇದ್ದಾಗ ಅದರ ಆಕಾರ ಸೊನ್ನೆಯಿಂದ ಇಳಿಯುತ್ತಲೇ ಹೋಗಬೇಕು, ನಡುವೆ ಇನ್ನೊಂದು ದಿಬ್ಬ ಏಳಲು ಅದಕ್ಕೆ ದಾರಿಯಿಲ್ಲ. ಸೊನ್ನೆಗಳನ್ನು ತುಂಬಿಸಲು ಅದು theta ತಗ್ಗಿಸುತ್ತದೆ, ಅದರ ಬೆಲೆಯಾಗಿ ಬಾಲ ಉದ್ದವಾಗಿ ವೇರಿಯನ್ಸ್ 14ಕ್ಕೆ ಏರುತ್ತದೆ. ಡೇಟಾದ ವೇರಿಯನ್ಸ್ ಇರುವುದು 10ರ ಹತ್ತಿರ. ಇಷ್ಟೆಲ್ಲ ಮಾಡಿಯೂ ಸೊನ್ನೆಗಳು ಹತ್ತು ಕಡಿಮೆ ಬಿದ್ದವು.

ಗಮನಿಸಿ, ಮಾಮೂಲಿ ಪರೀಕ್ಷೆಗಳು ಇದನ್ನು ಹಿಡಿಯುವುದಿಲ್ಲ. ಅಗಲ ಸೇರಿಸಿದ ಪಾಯ್ಸನ್ನಿನಿಂದ ನೆಗೆಟಿವ್ ಬೈನೋಮಿಯಲ್ಲಿಗೆ ಬಂದರೆ, ಕಡಿಮೆಯಾದಷ್ಟೂ ಒಳ್ಳೆಯದೆನ್ನುವ ಎಐಸಿ 927ರಿಂದ 757ಕ್ಕೆ ಇಳಿಯುತ್ತದೆ. ಉಳಿಕೆ ಡೀವಿಯನ್ಸ್ 171ಕ್ಕೆ 195.81, ಅನುಪಾತ 1.15. ಇಲ್ಲಿಗೆ ನಿಲ್ಲಿಸಿದವರು ಎಲ್ಲ ಸರಿಯಾಯಿತು ಎಂದೇ ಬರೆಯುತ್ತಾರೆ.

ಅಡಕೆತೋಟ

ಹಾಗಾದ್ರೆ ಸೊನ್ನೆ ಜಾಸ್ತಿ ಅಂತಾಯ್ತಲ್ಲ. ಝೀರೋ-ಇನ್‌ಫ್ಲೇಟೆಡ್ ಮಾಡೆಲ್ ಹಾಕೋದು, ಕಥೆ ಮುಗೀತು. ಸೊನ್ನೆ ಕಾಲುಭಾಗಕ್ಕಿಂತ ಹೆಚ್ಚಿದ್ರೆ ಝೀರೋ-ಇನ್‌ಫ್ಲೇಟೆಡ್ಡೇ ಹಾಕಬೇಕು ಅಂತ ನಮ್ಮ ಕಡೆ ಹೇಳ್ತಾರೆ.

ಕಲ್ಲುಸಂಪಿಗೆ

ಇಲ್ಲಿ ಹಾಕಬಹುದು, ಆದರೆ ಆ ಕಾಲುಭಾಗದ ನಿಯಮಕ್ಕಾಗಿ ಅಲ್ಲ. ಸರಾಸರಿ 0.3 ಇರುವ ಅಪರೂಪದ ಪ್ರಾಣಿಗೆ ಶುದ್ಧ ಪಾಯ್ಸನ್ನಿನಲ್ಲೇ ಮುಕ್ಕಾಲು ಭಾಗ ಸೊನ್ನೆ ಬರುತ್ತದೆ, ಅದರಲ್ಲಿ ಒಂದೂ ಹೆಚ್ಚುವರಿಯಲ್ಲ. ಸೊನ್ನೆ ಎಷ್ಟಿದೆ ಎಂಬುದಕ್ಕೆ ಅರ್ಥ ಬರುವುದು ನೀವು ಹಾಕಿದ ಮಾಡೆಲ್ ಎಷ್ಟು ನಿರೀಕ್ಷಿಸಿತ್ತು ಎಂಬುದರ ಪಕ್ಕದಲ್ಲಿ ಇಟ್ಟಾಗ. ಅಗಲ ಸೇರಿಸಿದ ಮಾಡೆಲಿಗೆ ಆ ಲೆಕ್ಕ ಒಂದೇ ಸಾಲು:

```r
m2 <- MASS::glm.nb(sat ~ width, data = crabs)
sum(dnbinom(0, mu = fitted(m2), size = m2$theta))
```

ಏಡಿಗಳಲ್ಲಿ ನಾನು ಆ ದಾರಿಗೆ ಹೋಗುವುದು ಗುಂಪುಗಳ ಒಳಗೆ ಕಾಣುವ ಇನ್ನೊಂದು ಸಂಗತಿಯಿಂದ. ವಿಮೆಲೆಕ್ಕ ಅವರ ಗುಂಪುಗಳನ್ನೇ ತೆಗೆದುಕೊಳ್ಳಿ. ಅತಿ ಚಿಕ್ಕ 14ರಲ್ಲಿ 5ಕ್ಕೆ ಮಾತ್ರ ಗಂಡುಗಳಿದ್ದವು, ಅದರ ಮುಂದಿನ 14ರಲ್ಲಿ 4ಕ್ಕೆ. ಅತಿ ದೊಡ್ಡ 14ರಲ್ಲಿ ಹದಿನಾಲ್ಕಕ್ಕೂ ಇದ್ದವು, ಒಂದೂ ಸೊನ್ನೆಯಿಲ್ಲ. ಆ ಗುಂಪಿನ ವೇರಿಯನ್ಸ್ ಯಾಕೆ ಕುಗ್ಗಿತು ಎಂಬುದಕ್ಕೆ ಕಾರಣ ಇಲ್ಲಿದೆ. ನಡುವಿನ ಗುಂಪುಗಳಲ್ಲಿ ಸೊನ್ನೆಯೂ ಐದೂ ಕಲಸಿಹೋಗಿವೆ, ಅದಕ್ಕೆ ವೇರಿಯನ್ಸ್ ದೊಡ್ಡದು.

ಈಗ ಸೊನ್ನೆಗಳನ್ನು ತೆಗೆದು, ಗಂಡುಗಳಿದ್ದ 111 ಹೆಣ್ಣುಗಳನ್ನು ಮಾತ್ರ ನೋಡಿ. ಎರಡನೇ ಗುಂಪಿನ ಆ ನಾಲ್ಕು ಹೆಣ್ಣುಗಳ ಸುತ್ತ ಸರಾಸರಿ 5 ಗಂಡುಗಳು. ನಡುವಿನ ಗುಂಪಿನ 21ರ ಸುತ್ತಲೂ 5. ಅತಿ ದೊಡ್ಡವುಗಳ ಸುತ್ತ 5.1. ತೀರಾ ಚಿಕ್ಕ ಐದರಲ್ಲಿ ಮಾತ್ರ 2.8. ಅಂದರೆ ಅಗಲ ಹೆಚ್ಚಾದಂತೆ ಗಂಡುಗಳ ಸಂಖ್ಯೆ ನಿಧಾನವಾಗಿ ಏರುತ್ತಿರುವುದಲ್ಲ. ಅಗಲ ನಿರ್ಧರಿಸುವುದು ಬಹುಮಟ್ಟಿಗೆ ಗಂಡುಗಳು ಬರುತ್ತವೋ ಇಲ್ಲವೋ ಎಂಬುದನ್ನು. ಬರಲು ಶುರುವಾದ ಮೇಲೆ ಎಷ್ಟು ಬರುತ್ತವೆ ಎಂಬುದರ ಮೇಲೆ ಅದರ ಹಿಡಿತ ಕಡಿಮೆ. «ಪ್ರತಿ ಸೆಂಟಿಮೀಟರಿಗೆ 21% ಏರಿಕೆ» ಎಂಬ ವಾಕ್ಯ ಒಟ್ಟು ಸರಾಸರಿಗೆ ಸರಿ ಹೊಂದಬಹುದು, ಆದರೆ ದಡದಲ್ಲಿ ಆಗುತ್ತಿರುವುದನ್ನು ಅದು ಹೇಳುವುದಿಲ್ಲ.

ಜರಿಹೊಳೆ

ಮೇಡಂ, ನೀವು ಹೇಳಿದ ಮೇಲೆ ಎರಡು ಓಡಿಸಿದೆ. ಗಂಡು ಇದೆ, ಇಲ್ಲ ಅಂತ ಮಾಡಿ ಲಾಜಿಸ್ಟಿಕ್ ಹಾಕಿದಾಗ ಅಗಲದ ಗುಣಾಂಕ 0.497, ಎರರ್ 0.102. 21 ಸೆಂ.ಮೀ.ನ ಹೆಣ್ಣಿಗೆ ಒಂದಾದರೂ ಗಂಡು ಸೇರುವ ಸಂಭವ 0.13, 26.3 ಇದ್ದರೆ 0.67, 33.5 ಇದ್ದರೆ 0.99. ಅರ್ಧಕ್ಕರ್ಧ ಆಗುವುದು 24.8ರಲ್ಲಿ. ಆಮೇಲೆ ಇದು:

```r
library(pscl)
m3 <- zeroinfl(sat ~ width | width, dist = "negbin", data = crabs)
```

ಇದರಲ್ಲಿ ಎಣಿಕೆಯ ಭಾಗದಲ್ಲಿ ಅಗಲದ ಗುಣಾಂಕ ತನ್ನ ಎರರ್‌ಗೆ ಹೋಲಿಸಿದರೆ ಚಿಕ್ಕದು, ಸೊನ್ನೆಯ ಭಾಗದಲ್ಲಿ ಬಲವಾಗಿ ಋಣಾತ್ಮಕ. ನೀವು ಹೇಳಿದ ಹಾಗೇ ಬಂತು. ಆದರೆ ಒಂದು ತೊಡಕು. ಝೀರೋ-ಇನ್‌ಫ್ಲೇಟೆಡ್ ಅಂದಾಗ ಕೆಲವು ಹೆಣ್ಣುಗಳಿಗೆ ಗಂಡು ಬರಲು ಸಾಧ್ಯವೇ ಇಲ್ಲ ಅಂತ ನಾನು ಹೇಳಿದಂತಾಗುವುದಿಲ್ಲವೇ? ಅದನ್ನು ಯಾರೂ ನೋಡಿಲ್ಲವಲ್ಲ.

ಕಲ್ಲುಸಂಪಿಗೆ

ಕೇಳಬೇಕಾದ ಪ್ರಶ್ನೆ ಅದು. ಝೀರೋ-ಇನ್‌ಫ್ಲೇಟೆಡ್ ಮಾಡೆಲಿನಲ್ಲಿ ಎರಡು ಬಗೆಯ ಸೊನ್ನೆಗಳಿವೆ: ಎಂದೂ ಗಂಡು ಬಾರದ ಹೆಣ್ಣು, ಮತ್ತು ಬರಬಹುದಾಗಿದ್ದೂ ಆ ಹೊತ್ತಿಗೆ ಬಾರದಿದ್ದ ಹೆಣ್ಣು. ಒಂದು ಹೆಣ್ಣನ್ನು ತೋರಿಸಿ ಇವಳು ಯಾವ ಬಗೆ ಎಂದು ಡೇಟಾ ಹೇಳಲಾರದು. ಅಷ್ಟು ಹೇಳಲು ಇಷ್ಟವಿಲ್ಲದಿದ್ದರೆ ಹರ್ಡಲ್ ಮಾಡೆಲ್ ಇದೆ. ಅದರಲ್ಲಿ ಸೊನ್ನೆ ಒಂದೇ ಬಗೆ. ಮೊದಲು ಗಂಡು ಇದೆಯೋ ಇಲ್ಲವೋ ಎಂಬುದು, ಇದ್ದರೆ ಎಷ್ಟು ಎಂಬುದು ಆಮೇಲೆ. ನೀವು ಓಡಿಸಿದ ಲಾಜಿಸ್ಟಿಕ್ ಅದರ ಮೊದಲ ಅರ್ಧವೇ. ಈ ಏಡಿಗಳಿಗೆ ನಾನಾದರೆ ಹರ್ಡಲ್ ಆರಿಸುತ್ತೇನೆ, ಏಕೆಂದರೆ ಅದು ಕಂಡದ್ದನ್ನು ಮೀರಿ ಏನೂ ಹೇಳುವುದಿಲ್ಲ. ಆದರೆ ಇನ್ನೊಬ್ಬರು ಬೇರೆ ಆರಿಸಿದರೆ ತಪ್ಪೆನ್ನಲಾರೆ.

ವಿಮೆಲೆಕ್ಕ

ನನಗಿನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಒಟ್ಟು ಸರಾಸರಿ ಅಗಲದ ಜೊತೆ ಹೇಗೆ ಬದಲಾಗುತ್ತದೆ ಅನ್ನುವುದಷ್ಟೇ ಪ್ರಶ್ನೆಯಾದರೆ ಕ್ವಾಸಿ-ಪಾಯ್ಸನ್ ಒಂದು ಗುಣಾಂಕದಲ್ಲಿ ಉತ್ತರ ಕೊಡುತ್ತದೆ. ಎರಡು ಭಾಗದ ಮಾಡೆಲಿನಲ್ಲಿ ಅದೇ ಉತ್ತರಕ್ಕೆ ಎರಡನ್ನೂ ಗುಣಿಸಿ ಅಂತರವನ್ನು ಬೇರೆ ಲೆಕ್ಕ ಹಾಕಬೇಕು. ಆದರೆ ಪ್ರಶ್ನೆ «ಯಾಕೆ» ಅನ್ನುವುದಾದರೆ ಮೇಡಂ ಹೇಳಿದ್ದೇ ದಾರಿ. ಆ 62 ಸೊನ್ನೆಗಳು ಚಿಕ್ಕ ಅಗಲದಲ್ಲೇ ಸೇರಿಕೊಂಡಿವೆ ಅನ್ನುವುದನ್ನು ನಾನು ನೋಡಿರಲಿಲ್ಲ.

ಜರಿಹೊಳೆ

ಹಾಗಿದ್ದರೆ ವಿಧಾನದ ಅಧ್ಯಾಯದಲ್ಲಿ ಬರೆಯುವುದು ಹೇಗಿರಬೇಕು? ಒಂದು ಮಾದರಿ ಸಿಕ್ಕರೆ ನನ್ನ ಕಪ್ಪೆಗಳಿಗೆ ತಕ್ಕಂತೆ ಬದಲಿಸಿಕೊಳ್ಳುತ್ತೇನೆ.

ಕಲ್ಲುಸಂಪಿಗೆ

ನಾನಾದರೆ ಹೀಗೆ ಬರೆಯುತ್ತಿದ್ದೆ:

«ಪ್ರತಿ ಹೆಣ್ಣಿನ ಸುತ್ತ ಸೇರಿದ ಗಂಡುಗಳ ಎಣಿಕೆಗೆ, ಚಿಪ್ಪಿನ ಅಗಲವನ್ನು ವಿವರಿಸುವ ಚರವಾಗಿಟ್ಟು, ಲಾಗ್ ಲಿಂಕಿನ ಪಾಯ್ಸನ್ ಮಾಡೆಲನ್ನು ಮೊದಲು ಹೊಂದಿಸಿದೆವು. ಪಿಯರ್ಸನ್ ಉಳಿಕೆಗಳ ವರ್ಗಗಳ ಮೊತ್ತ ಡಿಗ್ರೀಸ್ ಆಫ್ ಫ್ರೀಡಂನ 3.18 ಪಟ್ಟಿತ್ತು. ವೇರಿಯನ್ಸ್ mu + mu^2/theta ಆಗಿರುವ ನೆಗೆಟಿವ್ ಬೈನೋಮಿಯಲ್ ಮಾಡೆಲಿನಲ್ಲಿ theta 0.905 ಬಂದಿತು. ಆದರೆ ಅಗಲದ ಗುಂಪುಗಳಲ್ಲಿ ಕಂಡ ವೇರಿಯನ್ಸ್ ಈ ಸೂತ್ರದಂತೆ ಏರಲಿಲ್ಲ, ಸೊನ್ನೆಗಳು ಚಿಕ್ಕ ಹೆಣ್ಣುಗಳಲ್ಲಿ ಕೇಂದ್ರೀಕೃತವಾಗಿದ್ದವು. ಆದ್ದರಿಂದ ಗಂಡುಗಳ ಇರುವಿಕೆಯನ್ನೂ, ಇದ್ದಲ್ಲಿ ಅವುಗಳ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ವಿವರಿಸುವ ಹರ್ಡಲ್ ಮಾಡೆಲನ್ನು ಬಳಸಿದೆವು.»

ಇದರಲ್ಲಿ ಏನು ಹಾಕಿದೆ ಎಂಬುದಕ್ಕಿಂತ ಯಾವುದನ್ನು ನೋಡಿ ಬದಲಿಸಿದೆ ಎಂಬುದು ಹೆಚ್ಚಿದೆ. ಪರೀಕ್ಷಕರು ಕೇಳುವುದೂ ಅದನ್ನೇ. ಫಲಿತಾಂಶದ ಅಧ್ಯಾಯದಲ್ಲಿ ಗುಣಾಂಕದ ಜೊತೆಗೆ ಎರಡು ಮೂರು ಅಗಲಗಳಿಗೆ ನಿರೀಕ್ಷಿತ ಸಂಖ್ಯೆಯನ್ನೂ ಕೊಡಿ, ಲಾಗ್ ಅಳತೆಯಲ್ಲಿ ಯಾರೂ ಯೋಚಿಸುವುದಿಲ್ಲ. ಮೊದಲು ಪಾಯ್ಸನ್ ಓಡಿಸಿದ್ದನ್ನು ಮುಚ್ಚಿಡಬೇಡಿ.

ಇನ್ನು ನಿಮ್ಮ ಕಪ್ಪೆಗಳ ವಿನ್ಯಾಸ ಹೇಗಿದೆ? ಅದನ್ನು ಇನ್ನೂ ಹೇಳಿಲ್ಲ.

ಜರಿಹೊಳೆ

ಆರು ಹೊಳೆಗಳು. ಮೂರರಲ್ಲಿ ಮೇಲ್ಗಡೆ ಕಿಂಡಿ ಅಣೆಕಟ್ಟು ಇದೆ, ಮೂರರಲ್ಲಿ ಇಲ್ಲ. ಪ್ರತಿ ಹೊಳೆಯಲ್ಲೂ ದಡದ ಉದ್ದಕ್ಕೆ ಹಲವು ಟ್ರಾನ್ಸೆಕ್ಟ್, ಮಳೆಗಾಲದಲ್ಲಿ ರಾತ್ರಿ ಹೊತ್ತು ಮತ್ತೆ ಮತ್ತೆ ಎಣಿಕೆ. ಹೆಚ್ಚಿನವು 100 ಮೀಟರ್, ಬಂಡೆ ಅಡ್ಡ ಬಂದ ಕಡೆ ಕಡಿಮೆ. ಅಣೆಕಟ್ಟಿನಿಂದ ಕಪ್ಪೆಗಳ ಸಂಖ್ಯೆ ಬದಲಾಗುತ್ತದೆಯೇ ಎಂಬುದು ಪ್ರಶ್ನೆ.

ಕಲ್ಲುಸಂಪಿಗೆ

ಉದ್ದದ ವ್ಯತ್ಯಾಸ ಸುಲಭ, ಮಾಡೆಲಿಗೆ `offset(log(length))` ಸೇರಿಸಿ. ಎಣಿಕೆಯನ್ನು ಉದ್ದದಿಂದ ಭಾಗಿಸಿ ದರ ಮಾಡಿಕೊಳ್ಳಬೇಡಿ, 50 ಮೀಟರಿನ 2 ಮತ್ತು 100 ಮೀಟರಿನ 4 ಒಂದೇ ದರವಾದರೂ ಎರಡರಲ್ಲಿರುವ ಮಾಹಿತಿ ಒಂದೇ ಅಲ್ಲ.

ಕಷ್ಟ ಇರುವುದು ಇನ್ನೊಂದು ಕಡೆ. ಒಂದೇ ಹೊಳೆಯ ಟ್ರಾನ್ಸೆಕ್ಟುಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಜೋರು ಮಳೆ ಬಿದ್ದ ರಾತ್ರಿ ಆರೂ ಹೊಳೆಗಳಲ್ಲಿ ಕಪ್ಪೆ ಕೂಗುತ್ತದೆ. ಆ ಹರಡನ್ನು theta ನುಂಗಿಕೊಳ್ಳುತ್ತದೆ, ಅನುಪಾತ 1ಕ್ಕೆ ಬರುತ್ತದೆ, ಆದರೆ ಪ್ರತಿ ಸಾಲೂ ಸ್ವತಂತ್ರ ಎಂಬ ಸುಳ್ಳು ಹಾಗೇ ಉಳಿಯುತ್ತದೆ. ಏಡಿ ಡೇಟಾದಲ್ಲಿ ಒಂದು ಸಾಲು ಒಂದು ಹೆಣ್ಣು, ಅಲ್ಲಿ ಈ ಪಾಡಿರಲಿಲ್ಲ. ಹೊಳೆಗೂ ರಾತ್ರಿಗೂ ರ‍್ಯಾಂಡಮ್ ಇಂಟರ್‌ಸೆಪ್ಟ್ ಕೊಡಿ:

```r
library(glmmTMB)
f1 <- glmmTMB(n ~ dam + offset(log(length)) + (1|stream) + (1|night),
              family = nbinom2, data = frogs)
```

ಇಲ್ಲಿ `nbinom2` ಅಂದರೆ ಮೇಲೆ ಕೊಟ್ಟ ವರ್ಗದ ಸೂತ್ರ. `nbinom1` ಹಾಕಿದರೆ ವೇರಿಯನ್ಸ್ ಸರಾಸರಿಗೆ ನೇರ ಅನುಪಾತದಲ್ಲಿ ಏರುತ್ತದೆ, ವಿಮೆಲೆಕ್ಕ ಅವರಿಗೆ ಬೇಕಾದ ಹಾಗೆ. ಎರಡನ್ನೂ ಹಾಕಿ ಹೋಲಿಸಿ.

ವಿಮೆಲೆಕ್ಕ

ಆರೇ ಹೊಳೆಗಳಿಂದ ಹೊಳೆ-ಹೊಳೆಯ ನಡುವಿನ ವೇರಿಯನ್ಸ್ ಅಂದಾಜು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟೋ ಸಲ ಅದು ಸೊನ್ನೆಗೆ ಅಂಟಿಕೊಳ್ಳುತ್ತದೆ. ಹೊಳೆಯನ್ನು ಫಿಕ್ಸೆಡ್ ಆಗಿ ಹಾಕಿ.

ಕಲ್ಲುಸಂಪಿಗೆ

ಸೊನ್ನೆಗೆ ಅಂಟಿಕೊಳ್ಳುವ ಅಪಾಯ ನಿಜ. ಆದರೆ ಹೊಳೆಯನ್ನು ಫಿಕ್ಸೆಡ್ ಮಾಡಿದರೆ ಅಣೆಕಟ್ಟಿನ ಪರಿಣಾಮ ಅದರೊಳಗೇ ಮುಳುಗಿಹೋಗುತ್ತದೆ. ಒಂದು ಹೊಳೆಗೆ ಅಣೆಕಟ್ಟು ಇದೆ ಅಥವಾ ಇಲ್ಲ, ಹೊಳೆಯೊಳಗೆ ಅದು ಬದಲಾಗುವುದೇ ಇಲ್ಲ. ಕೇಳಬೇಕೆಂದಿದ್ದ ಪ್ರಶ್ನೆಯೇ ಮಾಡೆಲಿನಿಂದ ಹೊರಬೀಳುತ್ತದೆ.

ವಿಮೆಲೆಕ್ಕ

ಅದು ಸರಿ. ಆದರೆ ರ‍್ಯಾಂಡಮ್ ಹಾಕಿ ವೇರಿಯನ್ಸ್ ಸೊನ್ನೆ ಬಂದರೆ ಆ ಮಾಡೆಲೂ ಎಲ್ಲ ಟ್ರಾನ್ಸೆಕ್ಟುಗಳನ್ನು ಸ್ವತಂತ್ರ ಅಂತಲೇ ಎಣಿಸುತ್ತದೆ. ಆಗ ಏನು ಬರೆಯುತ್ತಾರೆ?

ಅಡಕೆತೋಟ

ನಂಗೂ ಅದೇ ತಿಳೀಬೇಕು. ನಮ್ಮ ತೋಟದ ಪ್ಲಾಟುಗಳಲ್ಲೂ ಹಂಗೇ ಆಗಿತ್ತು, ಸಾಫ್ಟ್‌ವೇರ್ ಎಚ್ಚರಿಕೆ ಕೊಟ್ಟು ಸುಮ್ಮನಾಯ್ತು.

ಜರಿಹೊಳೆ

ಅಂದರೆ ಎಷ್ಟು ರಾತ್ರಿ ಎಣಿಸಿದರೂ ಅಣೆಕಟ್ಟಿನ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಮೂರು ಹೊಳೆ ಎದುರಿಗೆ ಮೂರು ಹೊಳೆ. ಅದೇ ಕಣಿವೆಯಲ್ಲಿ ಅಣೆಕಟ್ಟಿಲ್ಲದ ಇನ್ನೂ ನಾಲ್ಕು ಹೊಳೆ ಗೊತ್ತಿವೆ, ಅಣೆಕಟ್ಟು ಇರುವುದು ಎರಡು. ಮುಂದಿನ ಮಳೆಗಾಲಕ್ಕೆ ಪ್ರತಿ ಹೊಳೆಯ ಟ್ರಾನ್ಸೆಕ್ಟು ಕಡಿಮೆ ಮಾಡಿ ಅವನ್ನೂ ಸೇರಿಸಲು ಗೈಡ್ ಹತ್ತಿರ ಅನುಮತಿ ಕೇಳುತ್ತೇನೆ. ಏಳು ಎದುರಿಗೆ ಐದು ಆದರೆ ಸಮತೋಲನ ತಪ್ಪುತ್ತದಾ, ಅಥವಾ ಹೊಳೆಗಳು ಹೆಚ್ಚಾಗುವುದೇ ಮುಖ್ಯವಾ?

ಕಲ್ಲುಸಂಪಿಗೆ

ಹೊಳೆಗಳು ಹೆಚ್ಚಾಗುವುದೇ ಮುಖ್ಯ, ಏಳು-ಐದು ಏನೂ ತೊಂದರೆಯಿಲ್ಲ. ಆದರೆ ಒಂದೇ ರಾತ್ರಿ ಎರಡೂ ಬಗೆಯ ಹೊಳೆಗಳಿಗೆ ಹೋಗುವ ಹಾಗೆ ವೇಳಾಪಟ್ಟಿ ಮಾಡಿಕೊಳ್ಳಿ. ಅಣೆಕಟ್ಟಿನವು ಒಂದು ವಾರ, ಇಲ್ಲದವು ಇನ್ನೊಂದು ವಾರ ಎಂದಾದರೆ ಮಳೆಯನ್ನೂ ಅಣೆಕಟ್ಟನ್ನೂ ಬೇರ್ಪಡಿಸಲು ಆಗುವುದಿಲ್ಲ. ವಿಮೆಲೆಕ್ಕ ಅವರ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಅಂದಾಜು ಸೊನ್ನೆ ಬಂದರೆ ಹಾಗೆಂದೇ ಬರೆದು, ಪ್ರತಿ ಹೊಳೆಗೆ ಒಂದು ಒಟ್ಟು ಎಣಿಕೆ ಮಾಡಿ, ಒಟ್ಟು ಉದ್ದವನ್ನು ಆಫ್‌ಸೆಟ್ ಇಟ್ಟು ಹನ್ನೆರಡೇ ಸಾಲಿನ ಮಾಡೆಲನ್ನೂ ಪಕ್ಕದಲ್ಲಿ ತೋರಿಸಿ. ಎರಡೂ ಒಂದೇ ಕಡೆ ಕೈ ತೋರಿಸಿದರೆ ಓದುವವರಿಗೆ ನಂಬಿಕೆ ಬರುತ್ತದೆ, ತೋರಿಸದಿದ್ದರೆ ಡೇಟಾ ತಂದು ಇಲ್ಲಿ ಹಾಕಿ, ನೋಡೋಣ.